ಒಂದು ಖರ್ಚು, ಮೂರು ಕೋಡ್: ವಿಭಾಗದ ಲೆಕ್ಕವೂ ಪ್ರಾಜೆಕ್ಟ್ ಲೆಕ್ಕವೂ ಸಿಗುವಂತೆ ಬಜೆಟ್ ಕಟ್ಟುವುದು

ಸಂಸ್ಥೆಯಲ್ಲಿ ನಾಲ್ಕು ವಿಭಾಗಗಳಿವೆ, ಮೂರ್ನಾಲ್ಕು ಪ್ರಾಜೆಕ್ಟ್‌ಗಳು ನಡೆಯುತ್ತಿವೆ ಎಂದುಕೊಳ್ಳಿ. ಈ ವರ್ಷ ಪ್ರಯಾಣಕ್ಕೆ ಎಷ್ಟು ಹೋಯಿತು ಎಂದು ಕೇಳಿದರೆ ಅಕೌಂಟ್ಸ್‌ನವರು ಒಂದು ನಿಮಿಷದಲ್ಲಿ ಹೇಳುತ್ತಾರೆ. ಆದರೆ "ಶಿಕ್ಷಕರ ತರಬೇತಿ ಪ್ರಾಜೆಕ್ಟ್‌ಗೆ ಇದುವರೆಗೆ ಎಷ್ಟಾಯಿತು, ಅದರಲ್ಲಿ ಐಟಿ ವಿಭಾಗದ ಪಾಲು ಎಷ್ಟು?" ಎಂದು ಕೇಳಿ ನೋಡಿ. ಹಳೆಯ ಬಿಲ್‌ಗಳ ಫೈಲ್ ಹೊರಗೆ ಬರುತ್ತದೆ, ಯಾರೋ ಒಬ್ಬರು ನೆನಪಿನಿಂದ ಹೇಳುತ್ತಾರೆ, ಇನ್ನೊಬ್ಬರು ಎಕ್ಸೆಲ್‌ನಲ್ಲಿ ಬಣ್ಣ ಹಚ್ಚಲು ಕೂರುತ್ತಾರೆ. ಎರಡು ದಿನ ಬಿಟ್ಟು ಬರುವ ಉತ್ತರವನ್ನೂ ಯಾರೂ ಪೂರ್ತಿ ನಂಬುವುದಿಲ್ಲ.

ಖರ್ಚಿನ ವಿವರವನ್ನು ಯಾರೂ ಬರೆದಿಟ್ಟಿಲ್ಲ ಅಂತಲ್ಲ. ಬರೆದಿದ್ದಾರೆ, ಆದರೆ ಎಲ್ಲವನ್ನೂ ಒಂದೇ ಕೋಡ್‌ನೊಳಗೆ ತುರುಕಿದ್ದಾರೆ. ನನ್ನ ಪ್ರಕಾರ ತೊಂದರೆಯ ಬೇರು ಇಲ್ಲೇ ಇದೆ. ಹಾಗಾಗಿ ಈ ಲೇಖನದಲ್ಲಿ ಇದೊಂದನ್ನೇ ಹಿಡಿದು ಕೊನೆಯವರೆಗೆ ಹೋಗುತ್ತೇನೆ.

## ಮೂರು ಪ್ರಶ್ನೆ, ಮೂರು ಪಟ್ಟಿ

ಪ್ರತಿ ಖರ್ಚಿನ ಬಗ್ಗೆಯೂ ಮೂರು ಬೇರೆ ಬೇರೆ ಪ್ರಶ್ನೆ ಕೇಳಬಹುದು. ಏನನ್ನು ಕೊಂಡೆವು? ಇದಕ್ಕೆ ಉತ್ತರ ಅಕೌಂಟ್ ಕೋಡ್: ಸಂಬಳ, ಪ್ರಯಾಣ, ಮುದ್ರಣ, ಬಾಡಿಗೆ. ಈ ಹಣಕ್ಕೆ ಯಾರು ಜವಾಬ್ದಾರರು? ಇದಕ್ಕೆ ಉತ್ತರ ಕಾಸ್ಟ್ ಸೆಂಟರ್, ಅಂದರೆ ಹೆಚ್ಚಿನ ಕಡೆ ಒಂದು ವಿಭಾಗ. ಯಾವ ಕೆಲಸಕ್ಕಾಗಿ ಖರ್ಚು ಮಾಡಿದೆವು? ಇದಕ್ಕೆ ಉತ್ತರ ಪ್ರಾಜೆಕ್ಟ್ ಕೋಡ್.

ಮೂರಕ್ಕೂ ಮೂರು ಪ್ರತ್ಯೇಕ ಪಟ್ಟಿ ಇರಬೇಕು. ಒಂದು ಪಟ್ಟಿಯ ವಿಷಯ ಇನ್ನೊಂದರೊಳಗೆ ನುಸುಳಬಾರದು. ಹೇಳಲು ಸುಲಭ, ಆದರೆ ಹೆಚ್ಚಿನ ಕಡೆ ಶುರುವಿನಲ್ಲೇ ತಪ್ಪುವುದು ಇದೇ. ಅಕೌಂಟ್‌ಗಳ ಪಟ್ಟಿ ತೆರೆದು ನೋಡಿದರೆ "ಪ್ರಯಾಣ", "ಪ್ರಯಾಣ – ಐಟಿ", "ಪ್ರಯಾಣ – ತರಬೇತಿ", "ಪ್ರಯಾಣ – ವೆಬ್‌ಸೈಟ್ ಪ್ರಾಜೆಕ್ಟ್" ಎಂದು ನಾಲ್ಕು ಖಾತೆಗಳು ಸಿಗುತ್ತವೆ. ತರಬೇತಿ ವಿಭಾಗದವರು ವೆಬ್‌ಸೈಟ್ ಕೆಲಸಕ್ಕೆ ಹೋಗಿಬಂದ ಬಿಲ್ ಬಂದರೆ ಅದು ಮೂರನೆಯದಕ್ಕೋ ನಾಲ್ಕನೆಯದಕ್ಕೋ? ಎಲ್ಲಿ ಹಾಕಿದರೂ ಒಂದು ಲೆಕ್ಕ ಸರಿಯಾಗುತ್ತದೆ, ಇನ್ನೊಂದು ಕೆಡುತ್ತದೆ.

ಸಂಖ್ಯೆಯಲ್ಲಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. 40 ಬಗೆಯ ಖರ್ಚು, 4 ವಿಭಾಗ, 5 ಪ್ರಾಜೆಕ್ಟ್ ಇದ್ದರೆ, ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿ ಬರೆಯಲು 40 × 4 × 5 = 800 ಖಾತೆಗಳು ಬೇಕು. ಬೇರೆ ಬೇರೆ ಇಟ್ಟರೆ 40 + 4 + 5 = 49 ಸಾಕು. ಹೊಸ ಪ್ರಾಜೆಕ್ಟ್ ಒಂದು ಶುರುವಾದರೆ ಮೊದಲ ವಿಧಾನದಲ್ಲಿ 160 ಹೊಸ ಖಾತೆ ತೆರೆಯಬೇಕು, ಎರಡನೆಯದರಲ್ಲಿ ಒಂದೇ ಒಂದು ಸಾಲು. ನಿಜದಲ್ಲಿ ಯಾರೂ 160 ಖಾತೆ ತೆರೆಯುವುದಿಲ್ಲ, ಬೇಕಾದ ಏಳೆಂಟನ್ನು ತೆರೆದು ಉಳಿದದ್ದನ್ನು "ಇತರೆ"ಗೆ ತಳ್ಳುತ್ತಾರೆ. ಲೆಕ್ಕ ಕೈತಪ್ಪುವುದು ಹೀಗೆಯೇ.

## ಕೋಡ್ ಕಟ್ಟುವುದು

ಈಗ ಒಂದು ಉದಾಹರಣೆ ಕಟ್ಟೋಣ. ತರಬೇತಿ ಕೊಡುವ ಒಂದು ಸಂಸ್ಥೆ. ವಿಭಾಗಗಳು ನಾಲ್ಕು: ತರಬೇತಿ, ಸಂಶೋಧನೆ, ಆಡಳಿತ, ಐಟಿ. ಸದ್ಯಕ್ಕೆ ಎರಡು ಪ್ರಾಜೆಕ್ಟ್ ನಡೆಯುತ್ತಿವೆ: ಹೊಸ ವೆಬ್‌ಸೈಟ್ ಮತ್ತು ಶಿಕ್ಷಕರ ತರಬೇತಿ.

```
ಅಕೌಂಟ್              ಕಾಸ್ಟ್ ಸೆಂಟರ್      ಪ್ರಾಜೆಕ್ಟ್
5110 ಸಂಬಳ           210 ತರಬೇತಿ       1000 ಪ್ರಾಜೆಕ್ಟ್ ಇಲ್ಲ
5210 ಪ್ರಯಾಣ         220 ಸಂಶೋಧನೆ     1200 ಹೊಸ ವೆಬ್‌ಸೈಟ್
5310 ಸಾಫ್ಟ್‌ವೇರ್       310 ಆಡಳಿತ        1300 ಶಿಕ್ಷಕರ ತರಬೇತಿ
5410 ಮುದ್ರಣ         320 ಐಟಿ
5510 ಬಾಡಿಗೆ
5910 ಹಂಚಿಕೆ
```

ಇದರಲ್ಲಿ ಕೆಲವು ಸಣ್ಣ ನಿರ್ಧಾರಗಳು ಅಡಗಿವೆ, ಒಂದೊಂದಕ್ಕೂ ಕಾರಣ ಇದೆ.

ಸಂಖ್ಯೆಗಳ ನಡುವೆ ಜಾಗ ಬಿಟ್ಟಿದ್ದೇನೆ. 5210 ಪ್ರಯಾಣವಾದರೆ ನಾಳೆ ವಸತಿ ಖರ್ಚನ್ನು ಬೇರೆ ನೋಡಬೇಕು ಅನ್ನಿಸಿದಾಗ 5220 ಇಡಬಹುದು, ಎರಡೂ 52ರ ಗುಂಪಿನಲ್ಲೇ ಉಳಿಯುತ್ತವೆ. 5210, 5211, 5212 ಎಂದು ಒತ್ತೊತ್ತಾಗಿ ಕೊಟ್ಟುಬಿಟ್ಟರೆ ಮುಂದೆ ಬರುವ ಖಾತೆ ಎಲ್ಲೋ ದೂರದಲ್ಲಿ ಹೋಗಿ ಕೂರುತ್ತದೆ. ಆಗ ಗುಂಪಿನ ಮೊತ್ತ ತೆಗೆಯಲು ಕಷ್ಟ.

ಯಾವ ಕೋಡ್ ಕೂಡ ಸೊನ್ನೆಯಿಂದ ಶುರುವಾಗುವುದಿಲ್ಲ. 0210 ಎಂದು ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ ಅದು ಸಂಖ್ಯೆ ಎಂದು ತಿಳಿದು 210 ಮಾಡಿಬಿಡುತ್ತದೆ. ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ 0210, ನಿಮ್ಮ ಬಜೆಟ್ ಶೀಟ್‌ನಲ್ಲಿ 210. ಎರಡನ್ನೂ ಹೋಲಿಸಲು ಹೋದಾಗ ಯಾವುದೂ ತಾಳೆಯಾಗುವುದಿಲ್ಲ, ಕಾರಣ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಕೋಡ್‌ನಲ್ಲಿ ವರ್ಷ ಇಲ್ಲ. ವರ್ಷ ಏನಿದ್ದರೂ ದಿನಾಂಕದಲ್ಲೇ ಇದೆ ಅಲ್ವಾ? ಅದನ್ನು ಕೋಡ್‌ನಲ್ಲೂ ಸೇರಿಸಿದರೆ ಪ್ರತಿ ವರ್ಷ ಇಡೀ ಪಟ್ಟಿ ಹೊಸದಾಗುತ್ತದೆ. ಎರಡು ವರ್ಷ ನಡೆಯುವ ಪ್ರಾಜೆಕ್ಟ್‌ನ ಒಟ್ಟು ಖರ್ಚು ನೋಡಲು ಎರಡು ಕೋಡ್ ಕೂಡಿಸಬೇಕಾಗುತ್ತದೆ. ಹಾಗೆಯೇ ವಿಭಾಗದ ಮುಖ್ಯಸ್ಥರ ಹೆಸರೂ ಕೋಡ್‌ನಲ್ಲಿ ಬೇಡ. ಜನ ಬದಲಾಗುತ್ತಾರೆ.

ಇನ್ನು 1000. ಇದು "ಯಾವ ಪ್ರಾಜೆಕ್ಟ್‌ಗೂ ಸೇರದ್ದು" ಎಂಬುದಕ್ಕೆ ಇರುವ ಕೋಡ್. ಇದರ ಬದಲು ಆ ಜಾಗವನ್ನು ಖಾಲಿ ಬಿಡಬಹುದಲ್ಲ ಎಂದು ಕೇಳುತ್ತಾರೆ. ಬಿಡಬಾರದು. ಖಾಲಿ ಜಾಗ ನೋಡಿದರೆ ಈ ಖರ್ಚು ನಿಜಕ್ಕೂ ಯಾವ ಪ್ರಾಜೆಕ್ಟ್‌ಗೂ ಸೇರಿಲ್ಲವೋ, ಬರೆಯಲು ಮರೆತಿದ್ದಾರೋ ಗೊತ್ತಾಗುವುದಿಲ್ಲ. 1000 ಇದ್ದರೆ ಯಾರೋ ಯೋಚಿಸಿ ಹಾಕಿದ್ದಾರೆ ಎಂದರ್ಥ, ಖಾಲಿ ಇದ್ದರೆ ತಪ್ಪು ಎಂದರ್ಥ.

ಎಷ್ಟು ಅಕೌಂಟ್ ಇರಬೇಕು ಎನ್ನುವುದಕ್ಕೆ ನಾನು ನೋಡುವುದು ಒಂದೇ ವಿಷಯ: ಈ ಖಾತೆಯ ಮೊತ್ತ ನೋಡಿ ಯಾರಾದರೂ ಏನಾದರೂ ನಿರ್ಧಾರ ಮಾಡುತ್ತಾರಾ? ಪೆನ್ನು, ಕಾಗದ, ಫೈಲ್ ಎಂದು ಮೂರು ಖಾತೆ ಇಟ್ಟರೆ ಯಾರೂ ಮೂರನ್ನೂ ನೋಡುವುದಿಲ್ಲ, ಬಿಲ್ ಹಾಕುವವರು ಮಾತ್ರ ಪ್ರತಿ ಸಲ ತಲೆ ಕೆಡಿಸಿಕೊಳ್ಳಬೇಕು. ಆಗ ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ ಹಾಕುತ್ತಾರೆ. ಪಟ್ಟಿ ಉದ್ದವಾದಷ್ಟೂ ತಪ್ಪು ಜಾಸ್ತಿ.

ಕಾಸ್ಟ್ ಸೆಂಟರ್‌ಗೂ ಒಂದು ಪರೀಕ್ಷೆ ಇದೆ. ಪ್ರತಿ ಕಾಸ್ಟ್ ಸೆಂಟರ್ ಎದುರು ಒಬ್ಬರ ಹೆಸರು ಬರೆಯಲು ಆಗಬೇಕು: ಇಲ್ಲಿ ಖರ್ಚಿಗೆ ಒಪ್ಪಿಗೆ ಕೊಡುವವರು, ಮಿತಿ ಮೀರಿದರೆ ಉತ್ತರ ಹೇಳುವವರು. ಹೆಸರು ಪಟ್ಟಿಯಲ್ಲಿರಲಿ, ಕೋಡ್‌ನಲ್ಲಿ ಬೇಡ. ಒಂದೇ ಕಾಸ್ಟ್ ಸೆಂಟರ್‌ಗೆ ಇಬ್ಬರ ಹೆಸರು ಬಂದರೆ ಅದನ್ನು ಒಡೆಯಬೇಕು. ಯಾರ ಹೆಸರೂ ಬರದಿದ್ದರೆ ಅದು ಕಾಸ್ಟ್ ಸೆಂಟರ್ ಆಗಲು ಲಾಯಕ್ಕಿಲ್ಲ.

ಈ ಕೋಡ್‌ಗಳು ಎಲ್ಲಾ ಖಾತೆಗೂ ಬೇಕಾಗಿಲ್ಲ. ಬ್ಯಾಂಕ್, ಸಾಲ, ಕೊಡಬೇಕಾದ ಬಾಕಿ ಇಂಥ ಖಾತೆಗಳಿಗೆ ಕಾಸ್ಟ್ ಸೆಂಟರ್ ಕೇಳಿದರೆ ಸುಮ್ನೆ ಕೆಲಸ ಹೆಚ್ಚುತ್ತದೆ ಅಷ್ಟೇ. ಆದಾಯ ಮತ್ತು ಖರ್ಚಿನ ಖಾತೆಗಳಿಗೆ ಕಡ್ಡಾಯ ಮಾಡಿ. ಪ್ರಾಜೆಕ್ಟ್ ಹಣದಿಂದ ಆಸ್ತಿ ಕೊಳ್ಳುವುದಿದ್ದರೆ ಆ ಆಸ್ತಿ ಖಾತೆಗೂ ಪ್ರಾಜೆಕ್ಟ್ ಕೋಡ್ ಇರಲಿ, ಇಲ್ಲದಿದ್ದರೆ ಪ್ರಾಜೆಕ್ಟ್‌ನ ದೊಡ್ಡ ಖರ್ಚೇ ವರದಿಯಿಂದ ಮಾಯವಾಗುತ್ತದೆ.

ಹೆಚ್ಚಿನ ಅಕೌಂಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಇದಕ್ಕೆ ಜಾಗ ಇರುತ್ತದೆ. TallyPrimeನಲ್ಲಿ `Cost Centre` ಜೊತೆಗೆ `Cost Category` ಅಂತ ಇದೆ: ವಿಭಾಗಗಳಿಗೆ ಒಂದು ಕೆಟಗರಿ, ಪ್ರಾಜೆಕ್ಟ್‌ಗಳಿಗೆ ಇನ್ನೊಂದು ಮಾಡಿದರೆ ಒಂದೇ ಖರ್ಚನ್ನು ಎರಡೂ ಕಡೆ ಪೂರ್ತಿಯಾಗಿ ತೋರಿಸಬಹುದು. ERPNextನಲ್ಲಿ `Cost Center` ಮತ್ತು `Project` ಬೇರೆ ಬೇರೆಯಾಗಿಯೇ ಬರುತ್ತವೆ. QuickBooks Onlineನಲ್ಲಿ ವಿಭಾಗಕ್ಕೆ `Class` ಬಳಸುವವರು ಹೆಚ್ಚು. ಹೆಸರು ಬೇರೆಯಾದರೂ ಕೆಲಸ ಒಂದೇ.

## ಒಂದು ಬಿಲ್ ಹೇಗೆ ಸಾಗುತ್ತದೆ

ಪ್ರಯಾಣದ ಬಿಲ್ ಒಂದು ಬಂದಿದೆ, ಮೊತ್ತ 48,000. ಮೂವರು ಹೋಗಿದ್ದರು, ತಲಾ 16,000. ಇಬ್ಬರು ತರಬೇತಿ ವಿಭಾಗದವರು, ಶಿಕ್ಷಕರ ತರಬೇತಿ ನಡೆಸಲು ಹೋಗಿದ್ದರು. ಮೂರನೆಯವರು ಐಟಿಯವರು, ಅದೇ ತರಬೇತಿಯಲ್ಲಿ ಕಂಪ್ಯೂಟರ್ ಪಾಠದ ವ್ಯವಸ್ಥೆ ಮಾಡಿಕೊಡಲು ಹೋಗಿದ್ದರು. ದಾಖಲು ಹೀಗೆ:

```
5210-210-1300    32,000
5210-320-1300    16,000
```

ಎರಡನೆಯ ಸಾಲನ್ನು ಗಮನಿಸಿ. ವಿಭಾಗ ಐಟಿ, ಪ್ರಾಜೆಕ್ಟ್ ಶಿಕ್ಷಕರ ತರಬೇತಿ. ಪ್ರಾಜೆಕ್ಟ್ ಎನ್ನುವುದು ಯಾವುದೋ ಒಂದು ವಿಭಾಗದ ಕೆಳಗೆ ಬರುವ ಮರಿ ಎಂದುಕೊಂಡು ಕೋಡ್ ಮಾಡಿದ್ದರೆ, ಅಂದರೆ 210ರ ಕೆಳಗೆ 211 ಎಂದು ಇಟ್ಟಿದ್ದರೆ, ಈ 16,000ಕ್ಕೆ ಜಾಗವೇ ಇರುತ್ತಿರಲಿಲ್ಲ. ಅದನ್ನು ತರಬೇತಿಯವರ ಲೆಕ್ಕಕ್ಕೆ ಹಾಕಬೇಕಿತ್ತು, ಅವರು ಒಪ್ಪಿಗೆಯೇ ಕೊಡದ ಖರ್ಚು ಅವರ ಹೆಸರಿಗೆ ಬರುತ್ತಿತ್ತು. ಪ್ರಾಜೆಕ್ಟ್‌ಗಳು ವಿಭಾಗಗಳನ್ನು ಅಡ್ಡಹಾಯ್ದು ಹೋಗುತ್ತವೆ. ಅದಕ್ಕೇ ಎರಡೂ ಬೇರೆ ಪಟ್ಟಿಗಳಾಗಿರಬೇಕು.

ಕೋಡ್ ಹಾಕುವವರು ಯಾರು ಎಂಬುದೂ ಮುಖ್ಯ. ಖರ್ಚು ಏಕಾಯಿತು ಎಂದು ಗೊತ್ತಿರುವವರು ಖರ್ಚು ಮಾಡಿದವರು. ತಿಂಗಳ ಕೊನೆಯಲ್ಲಿ ಬಿಲ್ ನೋಡುವ ಅಕೌಂಟ್ಸ್‌ನವರಿಗೆ ಕಾಣುವುದು ಬರೀ ಟಿಕೆಟ್. ಆದ್ದರಿಂದ ಖರೀದಿಯ ಕೋರಿಕೆ ಬರೆಯುವಾಗಲೇ, ಪ್ರಯಾಣಕ್ಕೆ ಒಪ್ಪಿಗೆ ಕೇಳುವಾಗಲೇ ಕಾಸ್ಟ್ ಸೆಂಟರ್ ಮತ್ತು ಪ್ರಾಜೆಕ್ಟ್ ಕೋಡ್ ಬರೆಯಬೇಕು. ಅಕೌಂಟ್ ಕೋಡನ್ನು ಮಾತ್ರ ಅಕೌಂಟ್ಸ್‌ನವರಿಗೆ ಬಿಡಬಹುದು, ಯಾವ ಖರ್ಚು ಯಾವ ಖಾತೆಗೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಈ ಹಂಚಿಕೆ ಮಾಡಿಕೊಂಡರೆ ಅರ್ಧಕ್ಕರ್ಧ ಗೊಂದಲ ತಾನಾಗಿ ಕಡಿಮೆಯಾಗುತ್ತದೆ.

ಸಂಬಳಕ್ಕೂ ಇದೇ ನಿಯಮ. ಐಟಿಯ ಒಬ್ಬರು ತಮ್ಮ ಸಮಯದ ಶೇ 40ರಷ್ಟನ್ನು ಶಿಕ್ಷಕರ ತರಬೇತಿಗೆ ಕೊಟ್ಟರೆ, ಅವರ ಸಂಬಳದ ಶೇ 40 ಭಾಗ 5110-320-1300ಕ್ಕೆ, ಶೇ 60 ಭಾಗ 5110-320-1000ಕ್ಕೆ. ವಿಭಾಗ ಬದಲಾಗುವುದಿಲ್ಲ, ಅವರು ಐಟಿಯವರೇ. ಆದರೆ ಆ 40 ಎಲ್ಲಿಂದ ಬಂತು ಎನ್ನುವುದಕ್ಕೆ ಟೈಮ್‌ಶೀಟ್ ಬೇಕು. ವರ್ಷದ ಶುರುವಿನಲ್ಲಿ ಅಂದಾಜಿಗೆ ಹಾಕಿದ ಸಂಖ್ಯೆಯನ್ನು ಹಾಗೆಯೇ ಬಿಟ್ಟರೆ ಪ್ರಾಜೆಕ್ಟ್ ಲೆಕ್ಕದ ಅತಿ ದೊಡ್ಡ ಭಾಗವೇ ಊಹೆಯಾಗಿಬಿಡುತ್ತದೆ.

## ಬಜೆಟ್ಟನ್ನೂ ಅದೇ ಕೋಡ್‌ಗಳಲ್ಲಿ ಬರೆಯಿರಿ

ಖರ್ಚಿಗೆ ಮೂರು ಕೋಡ್ ಹಾಕಿ, ಬಜೆಟ್ಟನ್ನು ಮಾತ್ರ ಹಳೆಯ ರೀತಿಯಲ್ಲಿ "ತರಬೇತಿ ವಿಭಾಗಕ್ಕೆ ಇಷ್ಟು" ಎಂದು ಬರೆದರೆ ಹೋಲಿಸಲು ಏನೂ ಇರುವುದಿಲ್ಲ. ಆದರೆ ಬಜೆಟ್ ಖರ್ಚಿನಷ್ಟೇ ಸೂಕ್ಷ್ಮವಾಗಿರಬೇಕೆಂದೇನೂ ಇಲ್ಲ. ಖರ್ಚನ್ನು 5210, 5220 ಎಂದು ಬೇರೆ ಬೇರೆ ದಾಖಲಿಸಿ, ಬಜೆಟ್ಟನ್ನು 52ರ ಗುಂಪಿಗೆ ಒಟ್ಟಾಗಿ ಕೊಡಬಹುದು. ಪ್ರಯಾಣಕ್ಕೆ ಎಷ್ಟು, ವಸತಿಗೆ ಎಷ್ಟು ಎಂದು ವರ್ಷದ ಮೊದಲೇ ನಿಖರವಾಗಿ ಹೇಳಲು ಯಾರಿಗೂ ಆಗುವುದಿಲ್ಲ, ಹೇಳಿಸಿದರೆ ಸುಳ್ಳು ಸಂಖ್ಯೆ ಬರುತ್ತದೆ.

ಪ್ರಾಜೆಕ್ಟ್ ಬಜೆಟ್ ಮಾತ್ರ ವಿಭಾಗವಾರು ಒಡೆದಿರಲೇಬೇಕು. ನಮ್ಮ ಉದಾಹರಣೆಯ 1300ಕ್ಕೆ ಒಟ್ಟು 6,00,000 ಇದೆ ಎಂದುಕೊಳ್ಳಿ. ಅದರಲ್ಲಿ ತರಬೇತಿಗೆ 4,50,000, ಐಟಿಗೆ 1,00,000, ಆಡಳಿತಕ್ಕೆ 50,000. ವರ್ಷದ ಮಧ್ಯದಲ್ಲಿ ವರದಿ ತೆಗೆದರೆ ಹೀಗೆ ಬಂತು:

| ವಿಭಾಗ | ಬಜೆಟ್ | ಖರ್ಚು | ಶೇಕಡಾ |
|---|---|---|---|
| 210 ತರಬೇತಿ | 4,50,000 | 2,10,000 | 47 |
| 320 ಐಟಿ | 1,00,000 | 95,000 | 95 |
| 310 ಆಡಳಿತ | 50,000 | 20,000 | 40 |
| ಒಟ್ಟು | 6,00,000 | 3,25,000 | 54 |

ಒಟ್ಟು ಸಾಲು ಮಾತ್ರ ನೋಡಿದವರು ನೆಮ್ಮದಿಯಾಗಿರುತ್ತಾರೆ. ಅರ್ಧ ವರ್ಷ ಕಳೆದಿದೆ, ಅರ್ಧದಷ್ಟು ಖರ್ಚಾಗಿದೆ. ವಿಭಾಗದ ಕೋಡ್ ಜೊತೆಗೆ ಇದ್ದಾಗ ಮಾತ್ರ ಐಟಿಯ 95 ಕಣ್ಣಿಗೆ ಬೀಳುತ್ತದೆ.

ಕಣ್ಣಿಗೆ ಬಿದ್ದ ತಕ್ಷಣ ಐಟಿಯವರನ್ನು ಕರೆದು ಜೋರು ಮಾಡುವ ಮೊದಲು ಅಕೌಂಟ್ ಕೋಡ್ ನೋಡಬೇಕು. ಆ 95,000 ಯಾವ ಅಕೌಂಟ್‌ಗಳಲ್ಲಿದೆ? ತೆಗೆದು ನೋಡಿದರೆ 5310 ಸಾಫ್ಟ್‌ವೇರ್‌ನಲ್ಲಿ 70,000, ಉಳಿದದ್ದು ಪ್ರಯಾಣ. ಸಾಫ್ಟ್‌ವೇರ್‌ಗೆ ಇಟ್ಟಿದ್ದು 40,000. ಇಂಥ ಕಡೆ ಸಾಮಾನ್ಯವಾಗಿ ಮೂರು ಸಾಧ್ಯತೆ ಇರುತ್ತದೆ. ನಿಜವಾಗಿಯೂ ಜಾಸ್ತಿ ಖರ್ಚಾಗಿದೆ. ಇಲ್ಲವೇ ಇಡೀ ವರ್ಷದ ಲೈಸೆನ್ಸ್ ಹಣವನ್ನು ಒಂದೇ ಸಲ ಕಟ್ಟಿದ್ದಾರೆ, ಮುಂದಿನ ತಿಂಗಳುಗಳಲ್ಲಿ ಏನೂ ಬರುವುದಿಲ್ಲ. ಅದೂ ಅಲ್ಲದಿದ್ದರೆ ಬೇರೆ ಪ್ರಾಜೆಕ್ಟ್‌ನ ಖರ್ಚು ಇಲ್ಲಿ ಬಂದು ಕೂತಿದೆ.

ಬಿಲ್ ತೆಗೆದಾಗ ಗೊತ್ತಾಯಿತು, 70,000ದಲ್ಲಿ 30,000 ವೆಬ್‌ಸೈಟ್ ವಿನ್ಯಾಸಕ್ಕೆ ಬೇಕಾದ ಸಾಫ್ಟ್‌ವೇರ್. ಅದು 1200ಕ್ಕೆ ಹೋಗಬೇಕಿತ್ತು. ಹಳೆಯ ಎಂಟ್ರಿ ಅಳಿಸಿ ತಿದ್ದಲು ಹೋಗಬೇಡಿ, ಕಾರಣ ಬರೆದು ಹೊಸ ಜರ್ನಲ್ ಎಂಟ್ರಿ ಹಾಕಿ:

```
ಡೆಬಿಟ್    5310-320-1200    30,000
ಕ್ರೆಡಿಟ್    5310-320-1300    30,000
```

ಇದರ ಪರಿಣಾಮ ನೋಡಿ. 5310ರ ಒಟ್ಟು ಮೊತ್ತ ಬದಲಾಗಲಿಲ್ಲ. ಐಟಿ ವಿಭಾಗದ ಒಟ್ಟು ಖರ್ಚೂ ಬದಲಾಗಲಿಲ್ಲ. ಬದಲಾಗಿದ್ದು ಪ್ರಾಜೆಕ್ಟ್ ಮಾತ್ರ: 1300ರಲ್ಲಿ ಐಟಿಯ ಖರ್ಚು 65,000ಕ್ಕೆ ಇಳಿಯಿತು, ಇಡೀ ಪ್ರಾಜೆಕ್ಟ್‌ನದು 2,95,000 ಆಯಿತು. ಎಲ್ಲಿ ತಪ್ಪಿತ್ತೋ ಅಲ್ಲಿ ಮಾತ್ರ ಕೈ ಹಾಕಲು ಆಗುವುದು ಕೋಡ್‌ಗಳು ಬೇರೆ ಬೇರೆ ಇರುವುದರಿಂದಲೇ.

ಇನ್ನೊಂದು ಕಾಲಂ ಇಲ್ಲದೆ ಈ ವರದಿ ಅರ್ಧವೇ. ಆರ್ಡರ್ ಕೊಟ್ಟಾಗಿದೆ, ಬಿಲ್ ಇನ್ನೂ ಬಂದಿಲ್ಲ ಅಂಥ ಮೊತ್ತ. ತರಬೇತಿ ವಿಭಾಗದವರು ಪುಸ್ತಕ ಮುದ್ರಣಕ್ಕೆ 1,10,000 ಆರ್ಡರ್ ಕೊಟ್ಟಿದ್ದರೆ, ಅವರ ಹತ್ತಿರ ಉಳಿದಿರುವುದು 2,40,000 ಅಲ್ಲ, 4,50,000 − 2,10,000 − 1,10,000 = 1,30,000. ಆರ್ಡರ್ ಕೊಡುವಾಗಲೇ 5410-210-1300 ಎಂದು ಬರೆದಿದ್ದರೆ ಈ ಕಾಲಂ ತಾನಾಗಿ ಸಿಗುತ್ತದೆ. ಕೋಡ್ ಮೊದಲೇ ಬರೆಯಿರಿ ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ.

## ಎಲ್ಲರಿಗೂ ಸೇರಿದ ಖರ್ಚು

ಬಾಡಿಗೆ, ವಿದ್ಯುತ್, ಇಂಟರ್ನೆಟ್. ಇವು ಯಾವ ವಿಭಾಗಕ್ಕೆ? ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ.

ಬಿಲ್ ಬಂದಾಗ ಹಂಚಬೇಡಿ. ತಿಂಗಳ ಬಾಡಿಗೆ 1,20,000 ಇದ್ದರೆ ಪೂರ್ತಿ ಮೊತ್ತವನ್ನು 5510-310-1000ಕ್ಕೆ ಹಾಕಿ. ಕಟ್ಟಡದ ಒಪ್ಪಂದ ಮಾಡಿಕೊಂಡವರು ಆಡಳಿತದವರು, ಬಾಡಿಗೆ ಹೆಚ್ಚಾದರೆ ಉತ್ತರ ಹೇಳಬೇಕಾದವರೂ ಅವರೇ. ಆಮೇಲೆ ತಿಂಗಳ ಕೊನೆಯಲ್ಲಿ ಬೇಕಿದ್ದರೆ ಒಂದು ಅಳತೆಯ ಮೇಲೆ ಹಂಚಿ. ಜನರ ಸಂಖ್ಯೆಯನ್ನೇ ತೆಗೆದುಕೊಳ್ಳೋಣ: ತರಬೇತಿ 12, ಸಂಶೋಧನೆ 6, ಆಡಳಿತ 4, ಐಟಿ 8, ಒಟ್ಟು 30 ಜನ. ತಲೆಗೆ 4,000.

```
ಡೆಬಿಟ್    5910-210-1000      48,000
ಡೆಬಿಟ್    5910-220-1000      24,000
ಡೆಬಿಟ್    5910-320-1000      32,000
ಕ್ರೆಡಿಟ್    5910-310-1000    1,04,000
```

ಹಂಚಿಕೆಗೆ 5510 ಬಳಸದೆ 5910 ಎಂಬ ಬೇರೆ ಖಾತೆ ಇಟ್ಟಿದ್ದೇನೆ. ಹೀಗೆ ಮಾಡಿದರೆ 5510ರಲ್ಲಿ ಕಾಣುವುದು ಬಾಡಿಗೆ ಬಿಲ್‌ಗಳು ಮಾತ್ರ, ಬ್ಯಾಂಕಿನಿಂದ ಹೋದ ಹಣದ ಜೊತೆ ನೇರವಾಗಿ ತಾಳೆ ನೋಡಬಹುದು. 5910ರ ಒಟ್ಟು ಮೊತ್ತ ಯಾವಾಗಲೂ ಸೊನ್ನೆಯೇ ಇರಬೇಕು. ಸೊನ್ನೆ ಬರದಿದ್ದರೆ ಹಂಚಿಕೆಯಲ್ಲಿ ಎಲ್ಲೋ ತಪ್ಪಿದೆ, ಅದಕ್ಕಿಂತ ಸುಲಭದ ಪರೀಕ್ಷೆ ಬೇರೆ ಇಲ್ಲ.

ಇದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿಯೇ ಇದೆ. ಹಂಚಿದ ಮೊತ್ತವನ್ನು ವಿಭಾಗದ ಮುಖ್ಯಸ್ಥರ ಬಜೆಟ್ ಮಿತಿಯೊಳಗೆ ಸೇರಿಸಬಾರದು. ಬಾಡಿಗೆ ಎಷ್ಟಿರಬೇಕು ಎಂದು ತೀರ್ಮಾನಿಸುವ ಅಧಿಕಾರ ಸಂಶೋಧನೆಯವರಿಗೆ ಇಲ್ಲ. ಅವರ ವರದಿಯಲ್ಲಿ ಮೊದಲು ಅವರ ಕೈಯಲ್ಲಿರುವ ಖರ್ಚು, ಅದರ ಮೊತ್ತ, ಅದರ ಕೆಳಗೆ ಪ್ರತ್ಯೇಕವಾಗಿ ಹಂಚಿಕೆಯ ಸಾಲು ಇರಲಿ. ಪ್ರಾಜೆಕ್ಟ್‌ಗೆ ಹಣ ಕೊಟ್ಟವರು ಪೂರ್ತಿ ಖರ್ಚು ಎಷ್ಟು ಎಂದು ಕೇಳಿದಾಗ ಹಂಚಿಕೆ ಬೇಕಾಗುತ್ತದೆ, ವಿಭಾಗದ ಮೇಲೆ ಕಣ್ಣಿಡಲು ಬೇಕಾಗುವುದಿಲ್ಲ.

## ಸರಿಯಿದೆಯೋ ಇಲ್ಲವೋ ತಿಳಿಯುವುದು

ಪ್ರತಿ ಸಾಲಿಗೂ ಮೂರು ಪಟ್ಟಿಯಿಂದ ಒಂದೊಂದು ಕೋಡ್ ಇದ್ದರೆ ಒಂದು ಒಳ್ಳೆಯ ಗುಣ ಸಿಗುತ್ತದೆ. ಖರ್ಚನ್ನು ಅಕೌಂಟ್‌ವಾರು ಕೂಡಿಸಿ, ವಿಭಾಗವಾರು ಕೂಡಿಸಿ, ಪ್ರಾಜೆಕ್ಟ್‌ವಾರು ಕೂಡಿಸಿ, ಮೂರು ಮೊತ್ತವೂ ಒಂದೇ ಬರಬೇಕು. ಬರದಿದ್ದರೆ ಯಾವುದೋ ಸಾಲಿನಲ್ಲಿ ಕೋಡ್ ಇಲ್ಲ, ಅಥವಾ ಪಟ್ಟಿಯಲ್ಲೇ ಇಲ್ಲದ ಕೋಡ್ ಬಂದಿದೆ.

ಸಾಫ್ಟ್‌ವೇರ್ ಇಲ್ಲದೆ ಎಕ್ಸೆಲ್‌ನಲ್ಲೇ ಮಾಡುವವರಿಗೂ ಇದು ಕಷ್ಟವಲ್ಲ. `Data` ಎಂಬ ಹಾಳೆಯಲ್ಲಿ B ಕಾಲಂ ಅಕೌಂಟ್, C ಕಾಸ್ಟ್ ಸೆಂಟರ್, D ಪ್ರಾಜೆಕ್ಟ್, F ಮೊತ್ತ ಎಂದಿಟ್ಟುಕೊಳ್ಳಿ. ಒಂದು ಜೋಡಣೆಯ ಖರ್ಚು ಎಷ್ಟು ಎಂಬುದಕ್ಕೆ ಮೊದಲ ಸೂತ್ರ, 500 ಸಾಲುಗಳಲ್ಲಿ ಪ್ರಾಜೆಕ್ಟ್ ಕೋಡ್ ಬಿಟ್ಟುಹೋದವು ಎಷ್ಟು ಎಂಬುದಕ್ಕೆ ಎರಡನೆಯದು:

```
=SUMIFS(Data!F:F, Data!B:B, 5310, Data!C:C, 320, Data!D:D, 1300)
=COUNTBLANK(Data!D2:D501)
```

ಎರಡನೆಯದರ ಉತ್ತರ ಸೊನ್ನೆ ಬಂದ ಮೇಲೆಯೇ ವರದಿ ಹೊರಗೆ ಕಳಿಸಿ. ಜೊತೆಗೆ ಕೋಡ್ ಕಾಲಂಗಳಿಗೆ `Data Validation` ಹಾಕಿ ಪಟ್ಟಿಯಿಂದ ಆರಿಸುವಂತೆ ಮಾಡಿದರೆ ಟೈಪಿಂಗ್ ತಪ್ಪು ನಿಲ್ಲುತ್ತದೆ.

ಕೋಡ್ ಪಟ್ಟಿಯಲ್ಲಿದ್ದರೂ ಜೋಡಣೆ ತಪ್ಪಿರಬಹುದು. 5510-220-1200, ಅಂದರೆ ವೆಬ್‌ಸೈಟ್ ಪ್ರಾಜೆಕ್ಟ್‌ಗೆ ಸಂಶೋಧನೆಯವರು ಕಟ್ಟಿದ ಬಾಡಿಗೆ. ಮೂರು ಕೋಡ್ ಕೂಡ ಸರಿ, ಆದರೆ ಒಟ್ಟಿಗೆ ಅರ್ಥವಿಲ್ಲ. ಇಂಥದ್ದನ್ನು ಮೂರು ಮೊತ್ತದ ಪರೀಕ್ಷೆ ಹಿಡಿಯುವುದಿಲ್ಲ. ಯಾವ ಪ್ರಾಜೆಕ್ಟ್ ಜೊತೆ ಯಾವ ವಿಭಾಗಗಳು ಬರಬಹುದು ಎಂದು ಒಂದು ಚಿಕ್ಕ ಪಟ್ಟಿ ಇಟ್ಟು, ಅದರ ಹೊರಗೆ ಬಂದದ್ದನ್ನೆಲ್ಲ ತಿಂಗಳಿಗೊಮ್ಮೆ ನೋಡಬೇಕು.

ಇದಕ್ಕಿಂತಲೂ ಕಷ್ಟದ್ದು ನೋಡಲು ಸರಿಯಾಗಿಯೇ ಕಾಣುವ ತಪ್ಪು. 1300ಕ್ಕೆ ಹೋಗಬೇಕಾದ್ದು 1000ಕ್ಕೆ ಹೋಗಿದ್ದರೆ ಎಲ್ಲಾ ಪರೀಕ್ಷೆಗಳೂ ಪಾಸಾಗುತ್ತವೆ. ಇದನ್ನು ಹಿಡಿಯಲು ಇರುವ ದಾರಿ ಒಂದೇ: ಪ್ರತಿ ತಿಂಗಳು ಆಯಾ ಕಾಸ್ಟ್ ಸೆಂಟರ್‌ನ ಜವಾಬ್ದಾರರಿಗೆ ಅವರ ಖರ್ಚಿನ ಸಾಲುಗಳನ್ನು ಕಳಿಸುವುದು, ಮೊತ್ತವನ್ನಲ್ಲ, ಸಾಲುಗಳನ್ನು. 5210-210-1000ದಲ್ಲಿ 32,000 ಎಂಬ ಸಾಲು ಕಂಡರೆ ತರಬೇತಿಯವರಿಗೆ ತಕ್ಷಣ ನೆನಪಾಗುತ್ತದೆ, ಅದು ಆ ಪ್ರವಾಸದ ದುಡ್ಡಲ್ವಾ ಎಂದು. ಮೊತ್ತ ಮಾತ್ರ ಕಳಿಸಿದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ಮೂರು ತಿಂಗಳು ತಡವಾಗಿ ಕಳಿಸಿದರೂ ಅಷ್ಟೇ.

"ಇತರೆ ಖರ್ಚು" ಎಂಬ ಖಾತೆಯ ಮೇಲೂ ಕಣ್ಣಿರಲಿ. ಅದನ್ನು ಪೂರ್ತಿ ತೆಗೆದುಹಾಕಿದರೆ ಜನ ಎಲ್ಲೆಲ್ಲೋ ಹಾಕುತ್ತಾರೆ, ಹಾಗಾಗಿ ಇರಲಿ. ಆದರೆ ಖರ್ಚಿನ ಖಾತೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದಾಗ ಅದು ಮೇಲಿನ ಸಾಲುಗಳಲ್ಲಿ ಬಂದರೆ ಒಳಗೆ ಏನಿದೆ ಎಂದು ತೆರೆದು ನೋಡಿ. ಒಂದೇ ಬಗೆಯ ಖರ್ಚು ಮತ್ತೆ ಮತ್ತೆ ಕಂಡರೆ ಅದಕ್ಕೊಂದು ಸ್ವಂತ ಖಾತೆ ಕೊಡುವ ಕಾಲ ಬಂದಿದೆ.

## ಕೋಡ್ ತೆರೆಯುವುದು, ಮುಚ್ಚುವುದು

ಹೊಸ ಕೋಡ್ ತೆರೆಯುವ ಅಧಿಕಾರ ಒಬ್ಬರ ಕೈಯಲ್ಲಿ ಮಾತ್ರ ಇರಬೇಕು. ಬಿಲ್ ಹಾಕುವ ಎಲ್ಲರಿಗೂ ಅದು ಇದ್ದರೆ "ಪ್ರಯಾಣ", "ಪ್ರಯಾಣ ವೆಚ್ಚ", "ಟ್ರಾವೆಲ್" ಎಂಬ ಮೂರು ಖಾತೆ ಬರುವುದು ಖಂಡಿತ. ಹೊಸ ಪ್ರಾಜೆಕ್ಟ್ ಕೋಡ್ ಕೊಡುವಾಗ ಹೆಸರು, ಜವಾಬ್ದಾರರು, ಶುರು ಮತ್ತು ಮುಗಿಯುವ ದಿನಾಂಕ, ಭಾಗವಹಿಸುವ ವಿಭಾಗಗಳು, ಬಜೆಟ್ ಇಷ್ಟನ್ನು ಬರೆಸಿಕೊಳ್ಳಿ.

ಪ್ರಾಜೆಕ್ಟ್ ಮುಗಿದ ಮೇಲೆ ಕೋಡನ್ನು ಅಳಿಸಬೇಡಿ, ಹೊಸ ಖರ್ಚು ಬರದಂತೆ ಬಂದ್ ಮಾಡಿ. ತಡವಾಗಿ ಬರುವ ಬಿಲ್‌ಗಳಿಗಾಗಿ ಮುಗಿದ ದಿನದ ನಂತರ ಸ್ವಲ್ಪ ಕಾಲ ತೆರೆದಿಟ್ಟು ಆಮೇಲೆ ಮುಚ್ಚುವುದು ಒಳ್ಳೆಯದು. ಬಹಳ ದಿನ ಹಾಗೇ ಬಿಟ್ಟರೆ, ಹಣ ಉಳಿದಿರುವ ಹಳೆಯ ಪ್ರಾಜೆಕ್ಟ್ ಕೋಡ್‌ಗೆ ಬೇರೆ ಖರ್ಚುಗಳು ಬಂದು ಸೇರಲು ಶುರುವಾಗುತ್ತವೆ. ಮುಚ್ಚಿದ ಸಂಖ್ಯೆಯನ್ನು ಇನ್ನೊಂದು ಪ್ರಾಜೆಕ್ಟ್‌ಗೆ ಮತ್ತೆ ಕೊಡಲೂ ಬಾರದು, ಹಳೆಯ ವರ್ಷದ ಖರ್ಚು ಹೊಸ ಹೆಸರಿನಡಿ ಕಾಣಿಸಿಕೊಳ್ಳುತ್ತದೆ.

ವಿಭಾಗಗಳು ಒಂದಾದಾಗಲೂ ಇದೇ ಎಚ್ಚರ ಬೇಕು. ತರಬೇತಿ ಮತ್ತು ಸಂಶೋಧನೆ ಸೇರಿ ಒಂದೇ ವಿಭಾಗವಾಯಿತು ಎಂದುಕೊಳ್ಳಿ. ಹಳೆಯ ಎಂಟ್ರಿಗಳನ್ನು ತಿದ್ದಲು ಕೂರಬೇಡಿ. 200 ಎಂಬ ಮೇಲಿನ ಗುಂಪು ಮಾಡಿ 210, 220 ಎರಡನ್ನೂ ಅದರ ಕೆಳಗೆ ತನ್ನಿ, ಹೊಸ ಖರ್ಚಿಗೆ ಅದೇ ಗುಂಪಿನಲ್ಲಿ 230 ತೆರೆಯಿರಿ, ಹಳೆಯ ಎರಡನ್ನು ಬಂದ್ ಮಾಡಿ. ಆಗ 200ರ ಮೊತ್ತ ತೆಗೆದರೆ ಹೋದ ವರ್ಷದ್ದನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು, ಹೋದ ವರ್ಷ ಸಂಶೋಧನೆಗೆ ಮಾತ್ರ ಎಷ್ಟಾಗಿತ್ತು ಎಂದು ಕೇಳಿದರೂ 220 ಹಾಗೆಯೇ ಇರುತ್ತದೆ. ಈ ಬದಲಾವಣೆಯನ್ನು ಆರ್ಥಿಕ ವರ್ಷದ ಮೊದಲ ದಿನದಿಂದ ಜಾರಿಗೆ ತನ್ನಿ. ವರ್ಷದ ನಡುವೆ ಮಾಡಲೇಬೇಕಾಗಿ ಬಂದರೆ ಉಳಿದ ಬಜೆಟ್ಟನ್ನೂ, ಬಾಕಿ ಇರುವ ಆರ್ಡರ್‌ಗಳನ್ನೂ ಅದೇ ದಿನ 230ಕ್ಕೆ ವರ್ಗಾಯಿಸಿ, ಇಲ್ಲದಿದ್ದರೆ ಬಜೆಟ್ ಹಳೆಯ ಕೋಡ್‌ನಲ್ಲಿ, ಖರ್ಚು ಹೊಸ ಕೋಡ್‌ನಲ್ಲಿ ಉಳಿದುಬಿಡುತ್ತವೆ.